ಬಿಡುವ ಮೊದಲೇ ಬಿಟ್ಟುಬಿಡುವವನು

ಬ್ಯಾಂಕಿನಲ್ಲಿ ಅಧಿಕಾರಿ, ವಯಸ್ಸು 36. ಹತ್ತು ವರ್ಷಗಳಲ್ಲಿ ಮೂರು ಸಂಬಂಧ, ಮೂರೂ ಮುರಿದಿವೆ. (ಇವನು ವಿವರಣೆಗಾಗಿ ನಾನೇ ಕಟ್ಟಿಕೊಂಡ ರೋಗಿ.) “ನನಗೆ ಸಿಗೋರೆಲ್ಲ ಕೈಬಿಡೋರೇ ಮೇಡಂ” ಎನ್ನುತ್ತಾನೆ. ಸಹೋದ್ಯೋಗಿಗಳು ಕೂತು ಒಬ್ಬ ರೋಗಿಯ ಬಗ್ಗೆ ಚರ್ಚಿಸುವ ಕೇಸ್ ಕಾನ್ಫರೆನ್ಸಿಗೆ ಚಿಕಿತ್ಸಕಿ ಇವನ ಬಗ್ಗೆ ಒಂದೆರಡು ಪುಟ ಬರೆದು ತರಬೇಕು. ಕಾಯಿಲೆಯ ಹೆಸರಷ್ಟೇ ಸಾಲದು. ಇವನಿಗೆ ಇದೇ ಯಾಕೆ ಮತ್ತೆ ಮತ್ತೆ ಆಗುತ್ತದೆ ಎಂಬ ಊಹೆ ಬೇಕು. ಆ ಊಹೆಯೇ ಸೈಕೋಡೈನಮಿಕ್ ಫಾರ್ಮ್ಯುಲೇಶನ್.

“ಕೈಬಿಟ್ಟರು” ಎಂಬುದು ಅವನ ತೀರ್ಪು. ಚಿಕಿತ್ಸಕಿಗೆ ಬೇಕಾದದ್ದು ನಡೆದ ಸಂಗತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಲೆಸ್ಟರ್ ಲುಬೋರ್ಸ್ಕಿ 1970ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಪ್ರತಿ ಘಟನೆಗೂ ಮೂರೇ ಪ್ರಶ್ನೆ: ಇವನಿಗೆ ಏನು ಬೇಕಿತ್ತು, ಎದುರಿನವರು ಏನು ಮಾಡಿದರು, ಆಗ ಇವನೇನು ಮಾಡಿದ? ಮೊದಲನೆಯವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು; ಅವಳು ಹೊರಡುವ ಮೊದಲೇ ಜಗಳ ತೆಗೆದು ಮುಗಿಸಿದ. ಎರಡನೆಯವಳು ಅಪ್ಪನ ಕಾಯಿಲೆಗೆಂದು ಊರಿಗೆ ಹೋದ ವಾರವೇ ಫೋನ್ ಎತ್ತುವುದನ್ನು ನಿಲ್ಲಿಸಿದ. ಮೂರನೆಯವಳು ಮದುವೆಯನ್ನು ಮೂರು ತಿಂಗಳು ಮುಂದೆ ಹಾಕೋಣ ಎಂದದ್ದಕ್ಕೆ “ಬೇಡ ಬಿಡು” ಎಂದ. ಮೂರು ಸಲವೂ ಬಿಟ್ಟವನು ಇವನೇ.

ಐದು ವರ್ಷದವನಿದ್ದಾಗ ಅಮ್ಮನಿಗೆ ಬಸಿರಿನಲ್ಲಿ ತೊಂದರೆಯಾಗಿ ಇವನನ್ನು ಅಜ್ಜಿಮನೆಗೆ ಕಳಿಸಿದ್ದರು. ವರ್ಷವಿಡೀ ಅಳಲಿಲ್ಲವಂತೆ, ಜಾಣ ಮಗು ಅಂತ ಎಲ್ಲರೂ ಹೊಗಳಿದರಂತೆ. ಅಮ್ಮ ಕೂಸನ್ನೆತ್ತಿಕೊಂಡು ಕರೆಯಲು ಬಂದ ದಿನ ಅಜ್ಜಿಯ ಸೆರಗಿನ ಹಿಂದೆ ಅವಿತು ಕೂತನಂತೆ. ಬೇಕು ಎನ್ನುವುದು ನೋವು ತರುತ್ತದೆ, ಬೇಡ ಎಂದುಬಿಟ್ಟರೆ ಬಚಾವು: ಆ ಮಗು ಕಲಿತದ್ದು ಇದು ಎಂಬುದು ಚಿಕಿತ್ಸಕಿಯ ಊಹೆ. ಇದರಲ್ಲಿ ಅಮ್ಮನ ತಪ್ಪೇನೂ ಇಲ್ಲ. ಇಂಥ ಪುಟಗಳು ಎಷ್ಟೋ ಸಲ ತಾಯಂದಿರ ಮೇಲಿನ ಚಾರ್ಜ್‌ಶೀಟ್ ಆಗಿಬಿಡುವುದುಂಟು.

ಬ್ರಿಟನ್ನಿನ ಡೇವಿಡ್ ಮಲಾನ್ ಹೇಳುವ ತ್ರಿಕೋನಕ್ಕೆ ಇನ್ನೊಂದು ಮೂಲೆ ಬೇಕು. ಅಂದು ಮನೆಯಲ್ಲಿ ನಡೆದದ್ದು, ಇಂದು ಹೊರಗೆ ನಡೆಯುತ್ತಿರುವುದು, ಚಿಕಿತ್ಸೆಯ ಕೋಣೆಯೊಳಗೂ ನಡೆಯುತ್ತಿದೆಯೇ? ಚಿಕಿತ್ಸಕಿ ಎರಡು ವಾರ ರಜೆ ಎಂದು ತಿಳಿಸಿದ್ದಳು. ಮರುವಾರವೇ ಮೆಸೇಜ್ ಬಂತು: “ಆಡಿಟ್ ಇದೆ, ಬರಲಾಗದು.” ಅವಳಿಗೆ ಸಿಟ್ಟು ಬಂತು, ಬರದಿದ್ದರೆ ಬಿಡಲಿ ಅನ್ನಿಸಿತು. ಈ ಅನ್ನಿಸಿಕೆಯನ್ನೂ ಅವಳು ಪುಟದಲ್ಲಿ ಬರೆದಿದ್ದಾಳೆ, ಏಕೆಂದರೆ ತನಗೇ ಗೊತ್ತಿಲ್ಲದೆ ಕೈಬಿಡುವವರ ಸಾಲಿಗೆ ಅವಳೂ ಸೇರುತ್ತಿದ್ದಳು.

ಖಿನ್ನತೆ, ಕುಡಿತ ಇವೆಯೇ ಎಂಬುದನ್ನು ಮೊದಲೇ ಪರೀಕ್ಷಿಸಿಯಾಗಿದೆ. ಫಾರ್ಮ್ಯುಲೇಶನ್ನಿನ ಕೊನೆಯಲ್ಲಿ ಒಂದು ಭವಿಷ್ಯ ಬರೆಯಬೇಕು. ಊಹೆ ಸುಳ್ಳಾಗಲು ಅವಕಾಶ ಸಿಗುವುದು ಅಲ್ಲೇ. “ಮುಂದಿನ ರಜೆ ತಿಳಿಸಿದಾಗಲೂ ಚಿಕಿತ್ಸೆ ಬಿಡಲು ಹೊರಡುತ್ತಾನೆ” ಎಂದು ಇವಳು ಬರೆದಳು. ರಜೆಯ ಮಾತೇ ಇಲ್ಲದ ವಾರಗಳಲ್ಲೂ ಹೀಗೇ ತಪ್ಪಿಸಿಕೊಂಡರೆ ಬೇರೆ ಕಾರಣ ಹುಡುಕಬೇಕು.

ಕಾನ್ಫರೆನ್ಸಿನಲ್ಲಿ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಆಡಿಟ್ ನಿಜವಾಗಿಯೂ ಇತ್ತೇನಮ್ಮ?”

ಅವಳು ವಿಚಾರಿಸಿರಲಿಲ್ಲ.