ವರ್ಕ್‌ಶೀಟಿನ ಪ್ರಶ್ನೆ ಅಸ್ಪಷ್ಟವಾಗಿದ್ದರೆ ಟೀಚರಿಗೆ ಹೀಗೆ ಬರೆಯಿರಿ

ನಾಲ್ಕನೇ ತರಗತಿಯ ಮಗಳು ತಂದ ಗಣಿತದ ವರ್ಕ್‌ಶೀಟಿನಲ್ಲಿ ಹೀಗೊಂದು ಪ್ರಶ್ನೆ ಇದೆ ಎಂದಿಟ್ಟುಕೊಳ್ಳಿ: ‘20 ಮೀಟರ್ ಉದ್ದದ ರಸ್ತೆಯ ಬದಿಯಲ್ಲಿ 5 ಮೀಟರಿಗೆ ಒಂದರಂತೆ ಗಿಡ ನೆಟ್ಟರೆ ಎಷ್ಟು ಗಿಡ ಬೇಕು?’ ಮಗಳು 20ನ್ನು 5ರಿಂದ ಭಾಗಿಸಿ 4 ಎನ್ನುತ್ತಾಳೆ. ಅಮ್ಮ ಲೆಕ್ಕ ಹಾಕಿದರೆ 5 ಬರುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ತಿಳಿಯಬೇಕಾದದ್ದು, ತೊಡಕು ಪ್ರಶ್ನೆಯಲ್ಲಿದೆಯೋ ಮಗುವಿಗೆ ಪಾಠ ಅರ್ಥವಾಗಿಲ್ಲವೋ ಎಂಬುದು. ಅದಕ್ಕೆ ಚಿತ್ರ ಬರೆಸಿ ನೋಡಿ. ಒಂದು ಗೆರೆ ಎಳೆದು 0, 5, 10, 15, 20 ಎಂದು ಗುರುತು ಹಾಕಿಸಿ. ಎರಡೂ ತುದಿಗಳಲ್ಲಿ ಗಿಡವಿದ್ದರೆ 5 ಬೇಕು. ಒಂದು ತುದಿಯನ್ನು ಬಿಟ್ಟರೆ 4, ಎರಡನ್ನೂ ಬಿಟ್ಟರೆ 3 ಸಾಕು. ಜಾಗ ನಾಲ್ಕೇ ಭಾಗವಾಗಿದ್ದರೂ ಗಿಡಗಳ ಸಂಖ್ಯೆ ತುದಿಗಳನ್ನು ಅವಲಂಬಿಸಿರುತ್ತದೆ. ಪ್ರಶ್ನೆ ತುದಿಗಳ ಬಗ್ಗೆ ಏನನ್ನೂ ಹೇಳಿಲ್ಲ. ಒಂದೇ ಪ್ರಶ್ನೆಗೆ ಹೊಂದುವ ಎರಡು ಚಿತ್ರ ಬಂದರೆ ಪ್ರಶ್ನೆ ಅಸ್ಪಷ್ಟವೆಂದೇ ಅರ್ಥ. ಚಿತ್ರವನ್ನೇ ಬರೆಯಲಾಗದಿದ್ದರೆ ಮಗುವಿಗೆ ಪಾಠವನ್ನು ಇನ್ನೊಮ್ಮೆ ಹೇಳಿಕೊಡಬೇಕು.

ಚೀಟಿ ಬರೆಯುವ ಮುನ್ನ ತರಗತಿಯ ನೋಟ್‌ಬುಕ್ ತೆರೆದು ನೋಡಿ. ಇಂಥದೇ ಲೆಕ್ಕವನ್ನು ಟೀಚರ್ ಬೋರ್ಡಿನ ಮೇಲೆ ಮಾಡಿಸಿದ್ದರೆ ಅಲ್ಲೇ ಉತ್ತರ ಸಿಗುತ್ತದೆ. ಸಿಗದಿದ್ದರೆ ಡೈರಿಯಲ್ಲಿ ಇಷ್ಟು ಬರೆದರೆ ಸಾಕು:

‘ಟೀಚರ್ ಅವರಿಗೆ ನಮಸ್ಕಾರ. ಇಂದಿನ ಗಣಿತದ ವರ್ಕ್‌ಶೀಟಿನ 6ನೇ ಪ್ರಶ್ನೆಯಲ್ಲಿ ರಸ್ತೆಯ ಎರಡೂ ತುದಿಗಳಲ್ಲಿ ಗಿಡ ಇರಬೇಕೇ ಎಂಬುದು ನಮಗೆ ತಿಳಿಯಲಿಲ್ಲ. ಇದ್ದರೆ 5, ಒಂದು ತುದಿ ಬಿಟ್ಟರೆ 4 ಬರುತ್ತದೆ. ಎರಡೂ ಕಡೆ ಇದೆ ಎಂದುಕೊಂಡು ಮಗಳು 5 ಎಂದು ಬರೆದಿದ್ದಾಳೆ. ಹೇಗೆ ತೆಗೆದುಕೊಳ್ಳಬೇಕೆಂದು ದಯವಿಟ್ಟು ತಿಳಿಸಿ.’

ಯಾವ ಪ್ರಶ್ನೆ, ಯಾವ ಮಾತು ಅಸ್ಪಷ್ಟ, ಅದರಿಂದ ಬರುವ ಎರಡು ಉತ್ತರಗಳು ಯಾವುವು ಎಂಬುದೆಲ್ಲ ಇದರಲ್ಲಿದೆ. ಹಾಗಾಗಿ ಟೀಚರ್ ಒಂದೇ ಸಾಲಿನಲ್ಲಿ ಉತ್ತರಿಸಬಹುದು. ‘ಪ್ರಶ್ನೆ ಅರ್ಥವಾಗಲಿಲ್ಲ’ ಎಂದಷ್ಟೇ ಬರೆದರೆ ಅವರು ಭಾಗಾಕಾರವನ್ನೇ ಮತ್ತೆ ವಿವರಿಸಿ ಕಳಿಸಬಹುದು. ‘ಪ್ರಶ್ನೆಯೇ ತಪ್ಪು’ ಎಂದರೆ ಅದು ದೂರಾಗುತ್ತದೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಹತ್ತು ಜನರ ಊಹೆ ಬರುತ್ತದೆಯೇ ಹೊರತು ಟೀಚರ್ ಮನಸ್ಸಿನಲ್ಲಿದ್ದದ್ದು ತಿಳಿಯುವುದಿಲ್ಲ.

ಉತ್ತರ ಬರುವವರೆಗೆ ಹಾಳೆಯನ್ನು ಖಾಲಿ ಬಿಡಿಸಬೇಡಿ. ‘ಎರಡೂ ತುದಿಯಲ್ಲಿ ಗಿಡ ಇದೆ ಎಂದುಕೊಂಡಿದ್ದೇನೆ’ ಎಂದು ಮಗುವೇ ತನ್ನ ಕೈಯಲ್ಲಿ ಬರೆದು ಲೆಕ್ಕ ಮುಗಿಸಲಿ. ಟೀಚರ್ 4 ಎಂದೇ ನಿರೀಕ್ಷಿಸಿದ್ದರೂ ಮಗು ಹೇಗೆ ಯೋಚಿಸಿತೆಂಬುದು ಅವರಿಗೆ ಕಾಣುತ್ತದೆ. ಅದನ್ನು ಅಳಿಸಿ ನಿಮ್ಮ ಉತ್ತರವನ್ನು ಮಾತ್ರ ಬರೆಸಬೇಡಿ.