ಅಲುಗಾಡದ ಇಂಪ್ಲಾಂಟ್‌ಗೂ ಅಪಾಯವಿದೆ

ಇಂಪ್ಲಾಂಟ್ ಹಲ್ಲು ಗಟ್ಟಿಯಾಗಿದೆ, ನೋವೂ ಇಲ್ಲ. ಆದರೆ ಬ್ರಷ್ ಮಾಡುವಾಗ ಅದರ ಸುತ್ತ ರಕ್ತ ಬರುತ್ತಿದೆಯೇ? ದಯವಿಟ್ಟು ಕಡೆಗಣಿಸಬೇಡಿ.

ನಮ್ಮ ಸ್ವಂತ ಹಲ್ಲಿನ ಬೇರಿಗೆ ವಸಡಿನ ನಾರುಗಳು ನಾಟಿಕೊಂಡಿರುತ್ತವೆ. ಸೋಂಕು ಕೆಳಗಿಳಿಯದಂತೆ ತಡೆಯುವ ಬೇಲಿ ಅದು. ಇಂಪ್ಲಾಂಟ್‌ನ ಟೈಟಾನಿಯಂ ತಿರುಪಿಗೆ ಆ ಬೇಲಿಯಿಲ್ಲ. ನಾರುಗಳು ಅದರ ಪಕ್ಕದಲ್ಲಿ ಹಾದುಹೋಗುತ್ತವೆ, ಅಷ್ಟೇ. ಹಾಗಾಗಿ ವಸಡಿನ ಕಾಯಿಲೆಗಿಂತ ಇಲ್ಲಿ ಮೂಳೆ ಬೇಗ ಕರಗಬಹುದು. ಹೀಗೆ ಸೋಂಕಿನಿಂದ ಇಂಪ್ಲಾಂಟ್ ಸುತ್ತಲಿನ ಮೂಳೆ ಕರಗುವುದೇ ಪೆರಿ-ಇಂಪ್ಲಾಂಟೈಟಿಸ್. ತುದಿಯಲ್ಲಿ ಸ್ವಲ್ಪ ಮೂಳೆ ಉಳಿದಿದ್ದರೂ ಇಂಪ್ಲಾಂಟ್ ಗಟ್ಟಿಯಾಗೇ ನಿಂತಿರುತ್ತದೆ. ಅಲುಗಾಡಿತೆಂದರೆ ಸಾಮಾನ್ಯವಾಗಿ ತೆಗೆಯಲೇಬೇಕು.

ಕ್ಯಾಪ್ ಅಂಟಿಸುವಾಗ ಹೆಚ್ಚಾದ ಸಿಮೆಂಟ್ ವಸಡಿನೊಳಗೆ ಉಳಿಯಿತು ಅಂದುಕೊಳ್ಳಿ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆದು ವಸಡು ಊದುತ್ತದೆ. ಈ ಹಂತದಲ್ಲೇ ಸಿಮೆಂಟ್ ತೆಗೆದು ಶುಚಿ ಮಾಡಿದರೆ ಹೆಚ್ಚಾಗಿ ಗುಣವಾಗುತ್ತದೆ. ಬಿಟ್ಟರೆ ಮೂಳೆ ಇಳಿದು ತಿರುಪಿನ ಎಳೆಗಳು ಬಯಲಾಗುತ್ತವೆ. ಆ ಒರಟು ಸಂದುಗಳನ್ನು ಪೂರ್ತಿ ಶುಚಿ ಮಾಡುವುದು ಬಹಳ ಕಷ್ಟ.

ಅದಕ್ಕೇ ಕ್ಯಾಪ್ ಕೂರಿಸಿದಾಗಲೇ ಒಂದು ಎಕ್ಸ್‌ರೇ ತೆಗೆಸಿಟ್ಟುಕೊಳ್ಳಿ. ಮುಂದಿನದನ್ನು ಅದರ ಜೊತೆ ಹೋಲಿಸಿದರೆ ಮೂಳೆ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ. ಹಿಂದೆ ವಸಡಿನ ಕಾಯಿಲೆ ಇದ್ದವರಿಗೆ, ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಅಪಾಯ ಹೆಚ್ಚು. ದಿನವೂ ಸಂದಿಗೆ ಇಂಟರ್‌ಡೆಂಟಲ್ ಬ್ರಷ್ ಹಾಕಿ. 6 ತಿಂಗಳಿಗೊಮ್ಮೆ ದಂತವೈದ್ಯರಿಂದ ಇಂಪ್ಲಾಂಟ್ ಸುತ್ತಲಿನ ವಸಡಿನ ಆಳ ಅಳೆಸಿಕೊಳ್ಳಿ.