ಹೊಸ ಸುರುಳಿಗೆ ಎಷ್ಟು ಬಿಸಿ ಬೇಕು?

ತ್ರೀಡಿ ಪ್ರಿಂಟರ್‌ಗೆ ತಂದ ಪಿಎಲ್‌ಎ ಸುರುಳಿಯ ಲೇಬಲ್ಲಿನಲ್ಲಿ 190ರಿಂದ 220 ಡಿಗ್ರಿ ಸೆಲ್ಸಿಯಸ್ ಎಂದಿದೆ ಎನ್ನೋಣ. ಈ ಅಂತರದಲ್ಲಿ ನಮ್ಮ ನಾಜಲ್‌ಗೆ ಯಾವುದು ಸರಿ ಎಂದು ತಿಳಿಯಲು ಟೆಂಪರೇಚರ್ ಟವರ್ ಅಚ್ಚು ಹಾಕುತ್ತಾರೆ.

ಇದೊಂದು ಪುಟ್ಟ ಗೋಪುರ. ಕೆಳಗಿನ ಅಂತಸ್ತು 220 ಡಿಗ್ರಿಯದು, ಮೇಲೇರಿದಂತೆ ಐದೈದು ಡಿಗ್ರಿ ಇಳಿಯುತ್ತದೆ. ಯಾವ ಎತ್ತರದಲ್ಲಿ ಬಿಸಿ ಇಳಿಸಬೇಕೆಂದು ಸ್ಲೈಸರ್‌ನಲ್ಲಿ ಹೇಳಿರಬೇಕು; ಮರೆತರೆ ಗೋಪುರವಿಡೀ ಒಂದೇ ಬಿಸಿಯಲ್ಲಿ ಬಂದುಬಿಡುತ್ತದೆ.

ಮುಗಿದ ಗೋಪುರವನ್ನು ಬೆಳಕಿಗೆ ಹಿಡಿಯಿರಿ. 220ರಲ್ಲಿ ಪ್ಲಾಸ್ಟಿಕ್ ತೀರಾ ತೆಳುವಾಗಿ ತಾನೇ ಸೋರುವುದರಿಂದ ಕಂಬಗಳ ನಡುವೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ, ಆಧಾರವಿಲ್ಲದ ಸೇತುವೆ ಜೋತುಬಿದ್ದಿರುತ್ತದೆ. 195ರಲ್ಲಿ ಎಲ್ಲವೂ ಚೊಕ್ಕಟ. ಆದರೆ ಅಷ್ಟಕ್ಕೇ ಅದನ್ನು ಆರಿಸಬೇಡಿ. ಇಕ್ಕಳದಲ್ಲಿ ಹಿಡಿದು ಬಗ್ಗಿಸಿ ನೋಡಿ: ಪದರಗಳ ಗೆರೆಯಲ್ಲೇ ಚಟ್ಟನೆ ಬಿಟ್ಟುಕೊಂಡರೆ ಅವು ಬೆಸೆದಿಲ್ಲ ಎಂದರ್ಥ. 205ರ ಅಂತಸ್ತು ಒಂದೆರಡು ಎಳೆ ಬಿಟ್ಟರೂ ಬಗ್ಗಿಸಿದಾಗ ಗಟ್ಟಿಯಾಗಿ ನಿಂತರೆ, ನನ್ನ ಆಯ್ಕೆ ಅದೇ. ಎಳೆಗಳನ್ನು ಆಮೇಲೆ ಕೀಳಬಹುದು, ಬಿಟ್ಟ ಪದರವನ್ನು ಸೇರಿಸುವುದು ಕಷ್ಟ. ನೋಟವೇ ಮುಖ್ಯವಾದ ಬೊಂಬೆಗಾದರೆ 200 ಸಾಕು.

ಎಲ್ಲ ಅಂತಸ್ತಿನಲ್ಲೂ ಎಳೆಗಳಿದ್ದರೆ ದೋಷ ಬಿಸಿಯದಲ್ಲದಿರಬಹುದು. ಫಿಲಮೆಂಟ್ ತೇವ ಹೀರಿರಬಹುದು. ನಾಜಲ್‌ನಿಂದ ಚಟಪಟ ಸದ್ದು ಬಂದರೆ ಅನುಮಾನ ಇನ್ನೂ ಗಟ್ಟಿ. ಮೊದಲು ಒಣಗಿಸಿ, ಮತ್ತೆ ಗೋಪುರ ಹಾಕಿ. ನಿತ್ಯ ಬಳಸುವ ವೇಗದಲ್ಲೇ ಹಾಕಿ: ವೇಗ ಹೆಚ್ಚಿದರೆ ಪ್ಲಾಸ್ಟಿಕ್‌ಗೆ ಕರಗಲು ಸಮಯ ಸಾಲದೆ ಇನ್ನಷ್ಟು ಬಿಸಿ ಬೇಕಾಗುತ್ತದೆ.